ಬತ್ತಿದ ಬಾವಿಯ ಆಳ: ಕಲ್ಲು ಬಿಟ್ಟು, ಸದ್ದು ಕೇಳಿ, ಲೆಕ್ಕ ಹಾಕಿದ ಅನುಭವ

ಹಳೆಯ ಬತ್ತಿದ ಬಾವಿಯೊಂದನ್ನು ಮಣ್ಣು ತುಂಬಿಸಿ ಮುಚ್ಚಿಸುವ ಜವಾಬ್ದಾರಿ ನನ್ನ ಮೇಲೆ ಬಿತ್ತು. ಮಣ್ಣು ಹೊಡೆಯುವವರಿಗೆ ವಿಷಯ ಹೇಳಿದ ಕೂಡಲೇ ಅವರು ಕೇಳಿದ್ದು ಒಂದೇ ಪ್ರಶ್ನೆ: "ಆಳ ಎಷ್ಟು ಸಾರ್?" ನನಗೆ ಗೊತ್ತಿರಲಿಲ್ಲ. ಬಾವಿ ತೋಡಿಸಿದವರು ಈಗಿಲ್ಲ, ಆಳ ಬರೆದಿಟ್ಟ ಕಾಗದವೂ ಇಲ್ಲ. ಕೇಳಿದವರೆಲ್ಲ ತಮ್ಮ ನೆನಪಿನ ಒಂದೊಂದು ಅಂಕಿ ಹೇಳಿದರು. ಒಂದಕ್ಕೊಂದು ತಾಳೆಯೇ ಇಲ್ಲ.

ಆಳ ತಪ್ಪಿದರೆ ಏನಾಗುತ್ತದೆ ಅಂತ ಮೊದಲೇ ಲೆಕ್ಕ ಹಾಕಿದೆ. ಬಾವಿಯ ಬಾಯಿ ಅಡ್ಡಕ್ಕೆ 2 ಮೀಟರ್. ಅಂದರೆ ಒಂದು ಮೀಟರ್ ಆಳಕ್ಕೆ ಸುಮಾರು 3.1 ಘನ ಮೀಟರ್ ಮಣ್ಣು ಬೇಕು. ಆರು ಮೀಟರ್ ಜಾಸ್ತಿ ಅಂದುಕೊಂಡರೆ ಹತ್ತೊಂಬತ್ತು ಘನ ಮೀಟರ್ ಮಣ್ಣು ಸುಮ್ನೆ ಬಂದು ಬೀಳುತ್ತದೆ. ಕಡಿಮೆ ಅಂದುಕೊಂಡರೆ ಕೆಲಸ ಅರ್ಧಕ್ಕೆ ನಿಲ್ಲುತ್ತದೆ. ಹಾಗಾಗಿ ಒಂದು ಮೀಟರಿನ ಒಳಗೆ ಆಳ ಗೊತ್ತಾಗಬೇಕಿತ್ತು.

ಹಗ್ಗ ಇಳಿಸಿದರೆ ಮುಗಿಯಿತಲ್ಲ ಅಂತ ನಿಮಗೂ ಅನಿಸಬಹುದು. ನಾನೂ ಮೊದಲು ಮಾಡಿದ್ದು ಅದನ್ನೇ. ತುದಿಗೆ ತೂಕ ಕಟ್ಟಿ, ಬಾವಿಕಟ್ಟೆಯ ಪಕ್ಕದಿಂದ ಇಳಿಬಿಟ್ಟೆ. 17 ಮೀಟರಿಗೆ ಹಗ್ಗ ಸಡಿಲವಾಯಿತು. ಆದರೆ ಒಳಗೆ ಟಾರ್ಚ್ ಬಿಟ್ಟು ನೋಡಿದರೆ ಗೋಡೆಯಿಂದ ಬೇರುಗಳು ಚಾಚಿವೆ, ಅಲ್ಲಲ್ಲಿ ಕಲ್ಲುಗಳು ಮುಂದಕ್ಕೆ ಬಂದಿವೆ. ಅದಕ್ಕಿಂತ ಕೆಳಗೆ ಬರೀ ಕತ್ತಲು. ತೂಕ ತಳ ಮುಟ್ಟಿತೋ, ನಡುವಿನ ಕಲ್ಲೊಂದರ ಮೇಲೆ ಕೂತಿತೋ ಹೇಳುವ ಹಾಗಿರಲಿಲ್ಲ. ಇಳಿದು ನೋಡುವ ಮಾತಂತೂ ಇಲ್ಲ. ಬಹಳ ಕಾಲ ಮುಚ್ಚಿಕೊಂಡಂತಿದ್ದ ಬಾವಿಯ ತಳದಲ್ಲಿ ಆಮ್ಲಜನಕ ಕಡಿಮೆಯಾಗಿ ಇಂಗಾಲದ ಡೈಆಕ್ಸೈಡ್ ತುಂಬಿರಬಹುದು. ಇಳಿದವರು ಕೂಗುವ ಮೊದಲೇ ಪ್ರಜ್ಞೆ ತಪ್ಪುತ್ತಾರೆ. ಎತ್ತಲು ಹೋದವರೂ ಅಲ್ಲೇ ಬೀಳುತ್ತಾರೆ.

ಉಳಿದದ್ದು ಶಾಲೆಯಲ್ಲಿ ಕಲಿತ ದಾರಿ. ಕಲ್ಲು ಬಿಡುವುದು, ಸದ್ದು ಕೇಳುವವರೆಗಿನ ಸಮಯ ನೋಡುವುದು, ಲೆಕ್ಕ ಹಾಕುವುದು. ಕಲ್ಲು ಮೊದಲ ಸೆಕೆಂಡಿನಲ್ಲಿ 4.9 ಮೀಟರ್ ಬೀಳುತ್ತದೆ. t ಸೆಕೆಂಡಿನಲ್ಲಿ 4.9 × t × t ಮೀಟರ್. ಬಿದ್ದ ಸದ್ದು ಮೇಲೆ ಬರಲು ಹಿಡಿಯುವ ಸಮಯವನ್ನು ಕಳೆಯಬೇಕು. ಓದಲು ಸುಲಭ, ಅಲ್ವಾ? ಆದರೆ ನಂಬುವಂಥ ಅಂಕಿ ಸಿಗುವ ಹೊತ್ತಿಗೆ ನಾನು ಅಂದುಕೊಂಡಿರದ ಎಷ್ಟೋ ಸಂಗತಿಗಳು ಅಡ್ಡ ಬಂದವು. ಅವನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಶುರು ಮಾಡುವ ಮೊದಲು ಎರಡು ಮಾತು. ಕಟ್ಟೆಯ ಮೇಲೆ ಬಾಗಬೇಡಿ. ಹಳೆಯ ಕಟ್ಟೆಯ ಕಲ್ಲು ಯಾವಾಗ ಜಾರುತ್ತದೆ ಹೇಳಲಾಗದು. ಒಳಗೆ ಪ್ರಾಣಿ ಪಕ್ಷಿ ಇಲ್ಲ ಅಂತ ಟಾರ್ಚ್ ಹಾಕಿ, ಜೋರಾಗಿ ಸದ್ದು ಮಾಡಿ ಖಚಿತ ಮಾಡಿಕೊಳ್ಳಿ.

ಮೊದಲ ದಿನ ಸ್ಟಾಪ್‌ವಾಚ್ ಹಿಡಿದು ಕೂತೆವು. ಒಂದು ಕೈಯಲ್ಲಿ ಕಲ್ಲು, ಇನ್ನೊಂದು ಕೈಯಲ್ಲಿ ಮೊಬೈಲ್. ಬಿಡುವಾಗ ಒತ್ತುವುದು, ಧಪ್ ಅಂದಾಗ ಮತ್ತೆ ಒತ್ತುವುದು. ಬಂದ ಅಂಕಿಗಳು 2.5ರಿಂದ 2.7 ಸೆಕೆಂಡಿನ ನಡುವೆ ಓಡಾಡಿದವು. ಇಷ್ಟೇ ವ್ಯತ್ಯಾಸ ತಾನೇ ಅನಿಸಿತು. ಲೆಕ್ಕ ಹಾಕಿದರೆ 2.5ಕ್ಕೆ 30.6 ಮೀಟರ್, 2.7ಕ್ಕೆ 35.7 ಮೀಟರ್. ಐದು ಮೀಟರಿನ ಅಂತರ! ಹಗ್ಗ ಹೇಳಿದ 17 ಎಲ್ಲಿ, ಇದು ಎಲ್ಲಿ. ಆ ಸಂಜೆ ನನಗೆ ನಿಜಕ್ಕೂ ಬೇಸರವಾಗಿತ್ತು.

ಆಮೇಲೆ ಕೂತು ಯೋಚಿಸಿದಾಗ ಕಾರಣ ಗೊತ್ತಾಯಿತು. ತಳ ಮುಟ್ಟುವ ಹೊತ್ತಿಗೆ ಕಲ್ಲು ಸೆಕೆಂಡಿಗೆ 22 ಮೀಟರಿಗಿಂತ ಜಾಸ್ತಿ ವೇಗದಲ್ಲಿರುತ್ತದೆ. ಅಂದರೆ ಸಮಯದಲ್ಲಿ ಒಂದು ಸೆಕೆಂಡಿನ ಹತ್ತನೇ ಒಂದು ಭಾಗ ಹೆಚ್ಚು ಕಡಿಮೆಯಾದರೆ ಆಳದಲ್ಲಿ ಎರಡು ಮೀಟರ್ ಹೆಚ್ಚು ಕಡಿಮೆ. ಸದ್ದು ಕೇಳಿ ಬೆರಳು ಒತ್ತಲು ನಮಗೆ ಹತ್ತಿರ ಹತ್ತಿರ ಅಷ್ಟೇ, ಎಷ್ಟೋ ಸಲ ಅದರ ಎರಡರಷ್ಟು ಹೊತ್ತು ಬೇಕು.

ಇದನ್ನು ಕಣ್ಣಾರೆ ನೋಡಬೇಕು ಅನಿಸಿತು. ಎರಡನೇ ಮೊಬೈಲಿನಲ್ಲಿ ಸದ್ದು ರೆಕಾರ್ಡ್ ಮಾಡಿಟ್ಟು, ಮೊದಲನೆಯದರಲ್ಲಿ ಸ್ಟಾಪ್‌ವಾಚನ್ನು ಉಗುರಿನಿಂದ ಟಕ್ ಅಂತ ಕುಟ್ಟಿ ನಿಲ್ಲಿಸಿದೆ. ರೆಕಾರ್ಡಿಂಗಿನಲ್ಲಿ ಕಲ್ಲಿನ ಧಪ್ ಮತ್ತು ನನ್ನ ಉಗುರಿನ ಟಕ್ ಬೇರೆ ಬೇರೆಯಾಗಿ ಕಂಡವು. ನಡುವೆ ಸುಮಾರು 0.2 ಸೆಕೆಂಡ್. ಬಿಡುವಾಗ ಮಾತ್ರ ಈ ತಡ ಇಲ್ಲ, ಯಾಕೆಂದರೆ ಯಾವಾಗ ಬಿಡುತ್ತೇನೆ ಅಂತ ನನಗೇ ಗೊತ್ತು. ಹಾಗಾಗಿ ತಡವೆಲ್ಲ ಒಂದೇ ಕಡೆ ಸೇರಿಕೊಳ್ಳುತ್ತದೆ, ಬಾವಿ ಯಾವಾಗಲೂ ಇರುವುದಕ್ಕಿಂತ ಆಳ ಅನಿಸುತ್ತದೆ. ಎಷ್ಟು ಸಲ ಅಳೆದು ಸರಾಸರಿ ತೆಗೆದರೂ ಇದು ಹೋಗುವುದಿಲ್ಲ. ಸ್ಟಾಪ್‌ವಾಚ್ ಬಿಟ್ಟರೆ ಬೇರೆ ದಾರಿ ಇಲ್ಲದವರು ಒಂದು ಉಪಾಯ ಮಾಡಬಹುದು. ಕಲ್ಲು ಬಿಡುವವರು ಬೇರೆ, ಒತ್ತುವವರು ಬೇರೆ ಇರಲಿ. ಬಿಡುವ ಕ್ಷಣಕ್ಕೆ ಒಂದು ಟಕ್ ಸದ್ದು ಬರುವಂತೆ ಮಾಡಿ. ಒತ್ತುವವರು ಬೆನ್ನು ಹಾಕಿ ನಿಂತು, ಎರಡೂ ಸಲ ಸದ್ದು ಕೇಳಿಯೇ ಒತ್ತಲಿ. ಆಗ ಎರಡು ಕಡೆಯ ತಡ ಬಹುಪಾಲು ಒಂದನ್ನೊಂದು ಕಳೆದುಹಾಕುತ್ತದೆ.

ನಾನು ಮುಂದೆ ಸ್ಟಾಪ್‌ವಾಚ್ ಮುಟ್ಟಲಿಲ್ಲ. ರೆಕಾರ್ಡಿಂಗೇ ಗಡಿಯಾರ ಆಗಲಿ ಅಂತ ತೀರ್ಮಾನಿಸಿದೆ. ಬಿದ್ದ ಸದ್ದು ಹೇಗೂ ಅದರಲ್ಲಿ ಇರುತ್ತದೆ. ಬಿಟ್ಟ ಕ್ಷಣಕ್ಕೂ ಒಂದು ಸದ್ದು ಬೇಕು. ಉತ್ತರ ಕೊಟ್ಟವನು ನನ್ನ ಅಕ್ಕನ ಮಗ. "ಮಾಮ, ಕಲ್ಲನ್ನು ದಾರಕ್ಕೆ ಕಟ್ಟಿ ನೇತು ಹಾಕೋಣ. ದಾರ ಕತ್ತರಿಸಿದರೆ ಕತ್ತರಿಯೇ ಸದ್ದು ಮಾಡುತ್ತಲ್ಲ!"

ಇದರಿಂದ ಇನ್ನೊಂದು ದೊಡ್ಡ ಲಾಭವೂ ಆಯಿತು. ಕೈಯಿಂದ ಬಿಟ್ಟಾಗ ಕಲ್ಲಿಗೆ ಗೊತ್ತಿಲ್ಲದೇ ಒಂದು ಸಣ್ಣ ತಳ್ಳು ಸಿಗುತ್ತದೆ. ನಮ್ಮ ಬಾವಿಯ ನಡುವಿನಿಂದ ಗೋಡೆಗೆ ಇರುವುದು ಒಂದು ಮೀಟರ್. ಕಲ್ಲು ಬೀಳುವುದು ಎರಡು ಸೆಕೆಂಡಿಗೂ ಜಾಸ್ತಿ ಹೊತ್ತು. ಪಕ್ಕಕ್ಕೆ ಸೆಕೆಂಡಿಗೆ ಅರ್ಧ ಮೀಟರಿನಷ್ಟು ವೇಗ ಇದ್ದರೂ ಸಾಕು, ತಳ ಸೇರುವ ಮೊದಲೇ ಗೋಡೆಗೆ ಬಡಿಯುತ್ತದೆ. ನಿಧಾನವಾಗಿ ನಡೆಯುವವರ ವೇಗಕ್ಕಿಂತಲೂ ಕಡಿಮೆ ಅದು. ಮೊದಲ ದಿನದ ಅಂಕಿಗಳು ಅಷ್ಟೊಂದು ಚೆದುರಿದ್ದಕ್ಕೆ ಇದೂ ಒಂದು ಕಾರಣ ಇರಬೇಕು.

ಹೀಗೆ ಮಾಡಿದೆವು. ಬಾವಿಯ ಬಾಯಿಗೆ ಅಡ್ಡಲಾಗಿ ಒಂದು ಗಟ್ಟಿ ಮರದ ತುಂಡು ಹಾಕಿದೆವು. ಅದರ ನಡುವಿನಿಂದ ಹೊಲಿಗೆ ದಾರದಲ್ಲಿ ಕಲ್ಲನ್ನು ನೇತು ಹಾಕಿದೆವು. ಕಲ್ಲು ಕಟ್ಟೆಯ ಮೇಲ್ಮೈಗೆ ಸರಿಯಾಗಿ ಸಮಕ್ಕೆ ಇರುವಂತೆ ನೋಡಿಕೊಂಡೆವು, ಯಾಕೆಂದರೆ ಆಳದ ಲೆಕ್ಕ ಅಲ್ಲಿಂದಲೇ ಶುರು. ಮೊಬೈಲನ್ನು ಕಟ್ಟೆಗೆ ಕಟ್ಟಿ ಮೈಕ್ ಒಳಮುಖ ಮಾಡಿದೆವು. ಉದ್ದನೆಯ ಕೋಲಿಗೆ ಕತ್ತರಿ ಬಿಗಿದು, ಅದರ ಹಿಡಿಗೆ ದಾರ ಕಟ್ಟಿ, ಬಾಗದೇ ಎಳೆದು ಕತ್ತರಿಸುವ ಹಾಗೆ ಮಾಡಿಕೊಂಡೆವು. ಈ ತಯಾರಿಗೇ ಒಂದು ಬೆಳಗ್ಗೆ ಪೂರ್ತಿ ಹೋಯಿತು.

ಕಾಯುವುದು ಇಲ್ಲೇ ಜಾಸ್ತಿ. ನೇತಾಡುವ ಕಲ್ಲು ಪೂರ್ತಿ ನಿಲ್ಲುವವರೆಗೆ ಸುಮ್ಮನಿರಬೇಕು. ಸಣ್ಣ ಗಾಳಿ ಬಂದರೂ ಮತ್ತೆ ತೂಗುತ್ತದೆ. ಗಾಳಿ ಬಂದರೆ ರೆಕಾರ್ಡಿಂಗೂ ಹಾಳು, ಮೈಕಿಗೆ ಗಾಳಿ ಬಡಿದ ಗೊರಗೊರ ಸದ್ದಿನಲ್ಲಿ ತಳದ ಧಪ್ ಮುಳುಗಿಹೋಗುತ್ತದೆ. ಬೆಳಗ್ಗೆ ಗಾಳಿ ಏಳುವ ಮೊದಲು ಮಾಡುವುದು ಒಳ್ಳೆಯದು.

ರೆಕಾರ್ಡಿಂಗನ್ನು ಕಂಪ್ಯೂಟರಿಗೆ ಹಾಕಿ, ಸದ್ದನ್ನು ಅಲೆಯಾಗಿ ತೋರಿಸುವ `Audacity` ಅನ್ನುವ ತಂತ್ರಾಂಶದಲ್ಲಿ ತೆರೆದೆ. ಸದ್ದಿನ ಅಲೆಯನ್ನು ಹಿಗ್ಗಿಸಿ ನೋಡಿದರೆ ಕತ್ತರಿಯ ಸದ್ದು ಒಂದು ಚೂಪಾದ ಗೆರೆ. ಆಮೇಲೆ ಎರಡು ಸೆಕೆಂಡಿಗೂ ಜಾಸ್ತಿ ಹೊತ್ತು ಹೆಚ್ಚು ಕಡಿಮೆ ಮೌನ. ಆಮೇಲೆ ತಳದ ಸದ್ದು. ಇಲ್ಲಿ ಒಂದು ಎಚ್ಚರ ಬೇಕು. ತಳದ ಸದ್ದು ಗೋಡೆಗಳಿಗೆ ಬಡಿದು ಬಡಿದು ಮೇಲೆ ಬರುವುದರಿಂದ ಅದರ ಅತಿ ದೊಡ್ಡ ಉಬ್ಬು ಸ್ವಲ್ಪ ತಡವಾಗಿ ಬರುತ್ತದೆ. ನೀವು ಓದಬೇಕಾದದ್ದು ಆ ಉಬ್ಬನ್ನಲ್ಲ, ಮೌನ ಮೊದಲು ಮುರಿಯುವ ಜಾಗವನ್ನು. ಇವೆರಡರ ನಡುವೆ 0.03 ಸೆಕೆಂಡ್ ವ್ಯತ್ಯಾಸ ಇದ್ದರೂ ಆಳದಲ್ಲಿ ಅರ್ಧ ಮೀಟರಿಗಿಂತ ಜಾಸ್ತಿ ತಪ್ಪುತ್ತದೆ. ಕತ್ತರಿಯಲ್ಲೂ ಸಣ್ಣ ಅನುಮಾನ ಉಳಿಯುತ್ತದೆ. ದಾರ ತುಂಡಾಗುವುದಕ್ಕೂ ಕತ್ತರಿಯ ಬಾಯಿ ಮುಚ್ಚಿ ಟಕ್ ಅನ್ನುವುದಕ್ಕೂ ಚೂರು ಅಂತರ ಇದೆ. ದಾರವನ್ನು ಕತ್ತರಿಯ ತುದಿಯಲ್ಲಿ ಹಿಡಿದು ಚುರುಕಾಗಿ ಎಳೆದರೆ ಇದು ತೀರಾ ಕಡಿಮೆಯಾಗುತ್ತದೆ.

ಈಗ ಬಂದ ಅಂಕಿಗಳನ್ನು ನೋಡಿ ಖುಷಿಯಾಯಿತು. 2.42, 2.43, 2.44. ನಡುವಿನದನ್ನು ಹಿಡಿದೆ: 2.43 ಸೆಕೆಂಡ್. ಕಲ್ಲು ಸುಮಾರು 6 ಸೆಂಟಿಮೀಟರ್ ಅಡ್ಡಗಲದ, ಗುಂಡಗಿನದು.

ಒಂದು ರೆಕಾರ್ಡಿಂಗ್ ಮಾತ್ರ ಬೇರೆ ಥರ ಇತ್ತು. ಅದರಲ್ಲಿ 1.91 ಸೆಕೆಂಡಿಗೆ ಒಂದು ಟಕ್, ಆಮೇಲೆ ತಡವಾಗಿ ಒಂದು ಮಂದ ಧಪ್. ಇದನ್ನು ಬದಿಗಿಟ್ಟೆ, ಆದರೆ ಅಳಿಸಲಿಲ್ಲ. ಸದ್ದಿನ ಸಮಯ ಕಳೆದು ಲೆಕ್ಕ ಹಾಕಿದರೆ 1.91 ಸೆಕೆಂಡ್ ಅಂದರೆ ಆಳ 17 ಮೀಟರಿನ ಆಸುಪಾಸು. ಹಗ್ಗ ನಿಂತ ಜಾಗವೇ ಅದು! ಅಲ್ಲೊಂದು ಕಲ್ಲು ಚಾಚಿಕೊಂಡಿದೆ, ಹಗ್ಗದ ತೂಕ ಅದರ ಮೇಲೆ ಕೂತಿತ್ತು. ಎಷ್ಟೋ ದಿನದಿಂದ ತಲೆ ತಿನ್ನುತ್ತಿದ್ದ ಗಂಟು ಅವತ್ತು ಬಿಚ್ಚಿತು. ಹಾಗಾಗಿ ಕೆಟ್ಟ ರೆಕಾರ್ಡಿಂಗ್ ಅಂತ ಎಸೆಯುವ ಮೊದಲು ಅದರಲ್ಲಿನ ನಡುವಿನ ಸದ್ದುಗಳ ಸಮಯವನ್ನೂ ಬರೆದಿಟ್ಟುಕೊಳ್ಳಿ.

ಈಗ ಸದ್ದಿನ ಸಮಯ ಕಳೆಯುವ ಲೆಕ್ಕ. 2.43 ಸೆಕೆಂಡಿನಲ್ಲಿ ಎರಡು ಪಯಣ ಸೇರಿವೆ. ಕಲ್ಲು ಕೆಳಗೆ ಹೋದದ್ದು, ಸದ್ದು ಮೇಲೆ ಬಂದದ್ದು. 20 ಡಿಗ್ರಿ ಸೆಲ್ಸಿಯಸ್ ಗಾಳಿಯಲ್ಲಿ ಸದ್ದು ಸೆಕೆಂಡಿಗೆ 343 ಮೀಟರ್ ಹೋಗುತ್ತದೆ. ತೊಡಕು ಏನೆಂದರೆ, ಸದ್ದಿಗೆ ಎಷ್ಟು ಹೊತ್ತು ಬೇಕು ಅಂತ ಹೇಳಲು ಆಳ ಗೊತ್ತಿರಬೇಕು. ಆಳ ತಿಳಿಯಲು ಸದ್ದಿನ ಹೊತ್ತು ಗೊತ್ತಿರಬೇಕು. ಇದು ಹಳೆಯ ಲೆಕ್ಕ. 1707ರಲ್ಲಿ ಅಚ್ಚಾದ ನ್ಯೂಟನ್ನನ ಬೀಜಗಣಿತದ ಪಾಠಗಳಲ್ಲೂ ಬಾವಿಗೆ ಬಿದ್ದ ಕಲ್ಲಿನ ಸದ್ದಿನಿಂದ ಆಳ ಕಂಡುಹಿಡಿಯುವ ಪ್ರಶ್ನೆ ಇದೆ. ಒಂದೇ ಏಟಿಗೆ ಉತ್ತರ ಬೇಕಾದವರಿಗೆ ಸೂತ್ರ ಹೀಗಿದೆ. T ಅಂದರೆ ಅಳೆದ ಒಟ್ಟು ಸಮಯ, t ಅಂದರೆ ಬೀಳುವ ಸಮಯ ಮಾತ್ರ, d ಆಳ:

```
t = ( sqrt(343*343 + 2*9.8*343*T) - 343 ) / 9.8
d = 4.9 * t * t
```

ಆದರೆ ನನಗೆ ಇಷ್ಟವಾದದ್ದು ವರ್ಗಮೂಲ ಬೇಡದ ದಾರಿ. ಕಾಗದ ಪೆನ್ಸಿಲ್ ಸಾಕು, ಏನು ನಡೆಯುತ್ತಿದೆ ಅನ್ನುವುದೂ ಕಣ್ಣಿಗೆ ಕಾಣುತ್ತದೆ. ಮೊದಲು ಸದ್ದನ್ನು ಮರೆತು ಲೆಕ್ಕ ಹಾಕಿ. 4.9 × 2.43 × 2.43 ಅಂದರೆ 28.93 ಮೀಟರ್. ಅಷ್ಟು ದೂರ ಬರಲು ಸದ್ದಿಗೆ 28.93 ÷ 343, ಅಂದರೆ 0.084 ಸೆಕೆಂಡ್ ಬೇಕು. ಅದನ್ನು ಕಳೆದರೆ ಬೀಳುವುದಕ್ಕೆ ಉಳಿದದ್ದು 2.346 ಸೆಕೆಂಡ್. ಈ ಸಮಯಕ್ಕೆ ಆಳ 26.96. ಈಗ ಈ ಹೊಸ ಆಳಕ್ಕೆ ಸದ್ದಿನ ಸಮಯ ತೆಗೆಯಿರಿ: 0.079. ಬೀಳುವ ಸಮಯ 2.351. ಆಳ 27.09. ಇನ್ನೊಂದು ಸುತ್ತು ಹಾಕಿದರೆ 27.08. ಅಲ್ಲೇ ನಿಲ್ಲುತ್ತದೆ. ಮೊದಲು ಮೇಲೆ, ಆಮೇಲೆ ಕೆಳಗೆ, ಹೀಗೆ ಆಚೀಚೆ ಆಗುತ್ತಾ ಸರಿಯಾದ ಉತ್ತರಕ್ಕೆ ಬೇಗ ಬಂದು ಕೂರುತ್ತದೆ. ಮೂರು ಸುತ್ತಿಗಿಂತ ಜಾಸ್ತಿ ಬೇಕಾಗುವುದಿಲ್ಲ.

ಅಂದರೆ ಸದ್ದನ್ನು ಲೆಕ್ಕಕ್ಕೆ ತೆಗೆದುಕೊಂಡಿದ್ದರಿಂದ 28.93 ಇದ್ದದ್ದು 27.08 ಆಯಿತು. 1.85 ಮೀಟರ್ ಇಳಿಯಿತು. ಆಳ ಹೆಚ್ಚಿದಷ್ಟೂ ಈ ಪಾಲು ಏರುತ್ತದೆ. 10 ಮೀಟರಿನ ಬಾವಿಯಲ್ಲಿ ಸದ್ದನ್ನು ಮರೆತರೆ 40 ಸೆಂಟಿಮೀಟರ್ ತಪ್ಪುತ್ತದೆ, 50 ಮೀಟರಿನದರಲ್ಲಿ ನಾಲ್ಕೂವರೆ ಮೀಟರಿಗಿಂತ ಜಾಸ್ತಿ. ಬಾವಿಯ ಒಳಗಿನ ಗಾಳಿ ಹೊರಗಿಗಿಂತ ತಂಪಾಗಿರುತ್ತದೆ, ಸದ್ದಿನ ವೇಗ ಒಂದೊಂದು ಡಿಗ್ರಿಗೆ ಸೆಕೆಂಡಿಗೆ 0.6 ಮೀಟರಿನಷ್ಟು ಬದಲಾಗುತ್ತದೆ. ಇದಕ್ಕೆ ನಾನು ತಲೆ ಕೆಡಿಸಿಕೊಂಡಿದ್ದೆ. ಲೆಕ್ಕ ಹಾಕಿ ನೋಡಿದರೆ 10 ಡಿಗ್ರಿ ತಪ್ಪಿದರೂ ಈ ಆಳದಲ್ಲಿ ವ್ಯತ್ಯಾಸ ಬರೀ ಮೂರ್ನಾಲ್ಕು ಸೆಂಟಿಮೀಟರ್. ಕಲ್ಲಿನ ಲೆಕ್ಕಕ್ಕೆ ಉಷ್ಣಾಂಶದ ಚಿಂತೆ ಬೇಡ.

ಇಲ್ಲಿಗೆ ಮುಗಿಯಿತು ಅಂತ ಹೆಚ್ಚಿನವರು ನಿಲ್ಲಿಸುತ್ತಾರೆ. ನಾನೂ ನಿಲ್ಲಿಸುವವನಿದ್ದೆ. ಆದರೆ ಅಕ್ಕನ ಮಗ ಸುಮ್ಮನಿರಲಾರದೆ ಒಂದು ಪುಟ್ಟ ಕಲ್ಲನ್ನೂ ಕಟ್ಟಿ ಬಿಟ್ಟಿದ್ದ. 2 ಸೆಂಟಿಮೀಟರಿನದು. ಅದರ ಸದ್ದು ಕಿವಿಗೆ ಕೇಳಿಸಿರಲೇ ಇಲ್ಲ, ರೆಕಾರ್ಡಿಂಗಿನಲ್ಲಿ ಹಿಗ್ಗಿಸಿ ನೋಡಿದಾಗ ಒಂದು ಸಣ್ಣ ಟಿಕ್ ಸಿಕ್ಕಿತು. ಸಮಯ 2.49 ಸೆಕೆಂಡ್! ದೊಡ್ಡ ಕಲ್ಲಿಗಿಂತ 0.06 ಸೆಕೆಂಡ್ ತಡ. ಮತ್ತೆ ಬಿಟ್ಟು ನೋಡಿದೆವು, ಹಾಗೇ ಬಂತು. ಸದ್ದಿನ ಸಮಯ ಕಳೆದು ಲೆಕ್ಕ ಹಾಕಿದರೆ 28.4 ಮೀಟರ್. ಒಂದೇ ಬಾವಿ, ಒಂದೇ ವಿಧಾನ, ಕಲ್ಲು ಬೇರೆ ಆದದ್ದಕ್ಕೆ ಆಳದಲ್ಲಿ 1.3 ಮೀಟರ್ ವ್ಯತ್ಯಾಸ.

ಇದು ಗಾಳಿಯ ತಡೆ. ದೊಡ್ಡ ಕಲ್ಲು, ಸಣ್ಣ ಕಲ್ಲು ಒಂದೇ ವೇಗದಲ್ಲಿ ಬೀಳುತ್ತವೆ ಅನ್ನುವುದು ಗಾಳಿ ಇಲ್ಲದ ಕಡೆ ಪೂರ್ತಿ ನಿಜ. ಎರಡು ಮೂರು ಮೀಟರಿನಲ್ಲಿ ವ್ಯತ್ಯಾಸ ಗೊತ್ತಾಗುವುದಿಲ್ಲ. ಆದರೆ ಕಲ್ಲು ಸೆಕೆಂಡಿಗೆ 20 ಮೀಟರ್ ದಾಟಿದಾಗ ಗಾಳಿ ಚೆನ್ನಾಗಿಯೇ ಹಿಡಿದು ಎಳೆಯುತ್ತದೆ. ಸಣ್ಣ ಕಲ್ಲಿಗೆ ಅದರ ತೂಕಕ್ಕೆ ಹೋಲಿಸಿದರೆ ಮೈ ಜಾಸ್ತಿ, ಹಾಗಾಗಿ ಅದಕ್ಕೆ ತಡೆಯೂ ಜಾಸ್ತಿ. ನಮ್ಮ ಸಣ್ಣ ಕಲ್ಲಿನಲ್ಲಿ ಗಾಳಿ ಮಾಡಿದ ತಪ್ಪು ಸದ್ದು ಮಾಡುವ ತಪ್ಪಿನಷ್ಟೇ ದೊಡ್ಡದು. ಹಾಗಿದ್ದ ಮೇಲೆ ಸದ್ದನ್ನು ಮಾತ್ರ ಸರಿ ಮಾಡಿ ಗಾಳಿಯನ್ನು ಬಿಟ್ಟರೆ ಅರ್ಧ ಕೆಲಸ ಮಾಡಿದ ಹಾಗೆ. ಇನ್ನೂ ಒಂದು ಮಾತು. ಬೆರಳಿನ ತಡ, ಸದ್ದಿನ ತಡ, ಗಾಳಿಯ ತಡೆ ಮೂರೂ ಸಮಯವನ್ನು ಹಿಗ್ಗಿಸುತ್ತವೆ. ಮೂರೂ ಬಾವಿಯನ್ನು ಆಳ ಮಾಡಿ ತೋರಿಸುತ್ತವೆ. ಒಂದು ಇನ್ನೊಂದನ್ನು ಕಳೆದುಹಾಕುತ್ತದೆ ಅಂತ ಆಸೆ ಇಟ್ಟುಕೊಳ್ಳುವ ಹಾಗಿಲ್ಲ.

ಗಾಳಿಯ ತಡೆಯನ್ನು ಸೂತ್ರದಿಂದ ಲೆಕ್ಕ ಹಾಕಬಹುದು, ಆದರೆ ಅದಕ್ಕೆ ಕಲ್ಲಿನ ಆಕಾರಕ್ಕೆ ತಕ್ಕ ಒಂದು ಗುಣಾಂಕ ಬೇಕು. ಒರಟು ಕಲ್ಲಿಗೆ ಅದು ಎಷ್ಟು ಅಂತ ಹೇಳುವುದು ಕಷ್ಟ. ಅದೃಷ್ಟಕ್ಕೆ ಎರಡು ಗಾತ್ರದ ಕಲ್ಲುಗಳ ಅಂಕಿಯೇ ನಮ್ಮ ಕೈಯಲ್ಲಿತ್ತು. ಒಂದೇ ಜಾತಿಯ, ಹೆಚ್ಚು ಕಡಿಮೆ ಒಂದೇ ಆಕಾರದ ಕಲ್ಲುಗಳಾದರೆ ಗಾಳಿಯಿಂದ ಆಗುವ ತಪ್ಪು ಗಾತ್ರಕ್ಕೆ ತಿರುವು ಮುರುವು ಇರುತ್ತದೆ. ಅಡ್ಡಗಲ ಮೂರನೇ ಒಂದು ಆದರೆ ತಪ್ಪು ಹತ್ತಿರ ಹತ್ತಿರ ಮೂರು ಪಟ್ಟು. ದೊಡ್ಡ ಕಲ್ಲಿನ ತಪ್ಪು ಒಂದು ಪಾಲು ಅಂದುಕೊಳ್ಳಿ. ಸಣ್ಣದರದು ಮೂರು ಪಾಲು. ಎರಡರ ನಡುವಿನ ಅಂತರ ಎರಡು ಪಾಲು. ಆ ಅಂತರ 1.3 ಮೀಟರ್ ಅಂತ ಅಳೆದಿದ್ದೇವೆ. ಹಾಗಾದರೆ ಒಂದು ಪಾಲು 0.65 ಮೀಟರ್. 27.08ರಿಂದ ಅದನ್ನು ಕಳೆದರೆ 26.4 ಮೀಟರ್. ಗುಣಾಂಕ ಹುಡುಕುವ ಗೋಜೇ ಇಲ್ಲ. ಈ ಲೆಕ್ಕ ಕಾಗದದ ಮೇಲೆ ಮೂಡಿದಾಗ ನನಗಾದ ಸಂತೋಷ ದೊಡ್ಡದು. ನೀವು ಮಾಡುವುದಾದರೆ ಎರಡು ಕಲ್ಲುಗಳ ಅಡ್ಡಗಲ ಮೊದಲೇ ಅಳೆದುಕೊಳ್ಳಿ. ಚಪ್ಪಟೆ ಕಲ್ಲು ಬೇಡ, ಅದು ಹೊರಳುತ್ತಾ ಬೀಳುತ್ತದೆ, ಅಂಕಿ ಒಂದೊಂದು ಸಲ ಒಂದೊಂದು ಥರ ಬರುತ್ತದೆ.

ಅಂಕಿ ಬಂತು, ಆದರೆ ಅದು ಸರಿ ಅಂತ ಹೇಳುವವರು ಯಾರು? ಅದಕ್ಕೂ ಉತ್ತರ ಅದೇ ರೆಕಾರ್ಡಿಂಗಿನಲ್ಲಿ ಅಡಗಿತ್ತು. ಕತ್ತರಿಯ ಸದ್ದಿನ ನಂತರ ಮೌನ ಅಂದೆನಲ್ಲ, ಅದು ಪೂರ್ತಿ ಮೌನ ಅಲ್ಲ. ಹಿಗ್ಗಿಸಿ ನೋಡಿದರೆ ಕತ್ತರಿಯ ಸದ್ದಿನ ಬೆನ್ನಿಗೇ ಒಂದು ಸಣ್ಣ ಉಬ್ಬು ಇದೆ. ಪ್ರತಿ ರೆಕಾರ್ಡಿಂಗಿನಲ್ಲೂ ಅದೇ ಜಾಗದಲ್ಲಿ, 0.155 ಸೆಕೆಂಡಿಗೆ. ಅದು ಕತ್ತರಿಯ ಸದ್ದು ತಳಕ್ಕೆ ಹೋಗಿ ತಿರುಗಿ ಬಂದ ಪ್ರತಿಧ್ವನಿ. ಸದ್ದು ಹೋಗಿ ಬಂದ ದೂರ 343 × 0.155, ಅಂದರೆ 53.2 ಮೀಟರ್. ಅದರ ಅರ್ಧ 26.6. ಇದರಲ್ಲಿ ಕಲ್ಲೂ ಇಲ್ಲ, ಗುರುತ್ವವೂ ಇಲ್ಲ, ಗಾಳಿಯ ತಡೆಯೂ ಇಲ್ಲ. ಆದರೂ ಕಲ್ಲಿನ ಲೆಕ್ಕದ ಜೊತೆ 20 ಸೆಂಟಿಮೀಟರಿನ ಒಳಗೆ ಕೂಡಿತು.

ಹಾಗಾದರೆ ಕಲ್ಲು ಯಾಕೆ, ಚಪ್ಪಾಳೆ ತಟ್ಟಿದರೆ ಸಾಕಲ್ಲ? ಕೆಲವು ಬಾವಿಗಳಿಗೆ ನಿಜಕ್ಕೂ ಸಾಕು. ಆದರೆ ತಳದಲ್ಲಿ ಎಲೆ, ಮೆತ್ತನೆ ಮಣ್ಣು ತುಂಬಿದ್ದರೆ ಪ್ರತಿಧ್ವನಿ ತೀರಾ ಕ್ಷೀಣ. ನಡುವಿನ ಚಾಚುಗಳಿಂದಲೂ ಪ್ರತಿಧ್ವನಿ ಬರುತ್ತದೆ, ಯಾವುದು ತಳದ್ದು ಅಂತ ಗುರುತಿಸಲು ಸುಮಾರಾದ ಆಳ ಮೊದಲೇ ಗೊತ್ತಿರಬೇಕು. ನನಗೂ 26ರ ಆಸುಪಾಸು ಅಂತ ಗೊತ್ತಿದ್ದರಿಂದಲೇ ಎಲ್ಲಿ ಹುಡುಕಬೇಕು ಅಂತ ತಿಳಿಯಿತು. ಜೊತೆಗೆ ಇಲ್ಲಿ ಉಷ್ಣಾಂಶ ಮುಖ್ಯವಾಗುತ್ತದೆ. 10 ಡಿಗ್ರಿ ತಪ್ಪಿದರೆ ಪ್ರತಿಧ್ವನಿಯ ಲೆಕ್ಕದಲ್ಲಿ ಅರ್ಧ ಮೀಟರಿನಷ್ಟು ತಪ್ಪುತ್ತದೆ. ಥರ್ಮಾಮೀಟರನ್ನು ದಾರಕ್ಕೆ ಕಟ್ಟಿ ಬಾವಿಯೊಳಗೆ ಇಳಿಬಿಟ್ಟು, ಸ್ವಲ್ಪ ಹೊತ್ತು ಬಿಟ್ಟು ಬೇಗ ಮೇಲೆಳೆದು ನೋಡಿದೆ. 20ಕ್ಕೆ ತೀರಾ ಹತ್ತಿರ ಇತ್ತು.

ಕಂಪ್ಯೂಟರ್ ಬೇಡ ಅನ್ನುವವರಿಗೆ ಮೊಬೈಲಿನಲ್ಲೇ `phyphox` ಅಂತ ಒಂದು ಆ್ಯಪ್ ಇದೆ. ಜರ್ಮನಿಯ ಆಖೆನ್ ವಿಶ್ವವಿದ್ಯಾಲಯದವರು ಮಾಡಿದ್ದು, ಉಚಿತ. ಅದರ `Acoustic Stopwatch` ಎರಡು ಸದ್ದುಗಳ ನಡುವಿನ ಸಮಯವನ್ನು ತಾನೇ ಹೇಳುತ್ತದೆ. ಆದರೆ ಬಾವಿಯಲ್ಲಿ ಅದು ಪ್ರತಿಧ್ವನಿಯನ್ನೇ ಎರಡನೇ ಸದ್ದು ಅಂದುಕೊಂಡು ನಿಂತುಬಿಡಬಹುದು. ಒಂದು ಸೆಕೆಂಡಿನ ಒಳಗಿನ ಅಂಕಿ ಬಂದರೆ ಹೀಗೇ ಆಗಿದೆ ಅಂತ ತಿಳಿಯಿರಿ. ಮೊದಲ ಸದ್ದಿನ ನಂತರ ಸ್ವಲ್ಪ ಹೊತ್ತು ಏನನ್ನೂ ಲೆಕ್ಕಕ್ಕೆ ತೆಗೆದುಕೊಳ್ಳದಂತೆ ಅದರಲ್ಲಿ ಹೊಂದಿಸಬಹುದು. ಅದನ್ನು ಒಂದು ಸೆಕೆಂಡಿಗೆ ಇಟ್ಟರೆ ತೊಂದರೆ ಇಲ್ಲ.

ಕೊನೆಗೆ ಮತ್ತೆ ಹಗ್ಗಕ್ಕೇ ಬಂದೆವು. ಈಗ ಎಷ್ಟು ಉದ್ದ ಬೇಕು, ಎಲ್ಲಿ ಸಿಕ್ಕಿಕೊಳ್ಳುತ್ತದೆ ಎರಡೂ ಗೊತ್ತಿತ್ತು. ಹಿಗ್ಗದ ಹಗ್ಗ ತಂದು, ಅಡ್ಡ ಮರದ ನಡುವಿನಿಂದ, ಗೋಡೆಗೆ ತಾಗದಂತೆ ನಿಧಾನವಾಗಿ ಇಳಿಸಿದೆವು. 17 ಮೀಟರ್ ದಾಟುವಾಗ ಇಬ್ಬರೂ ಉಸಿರು ಬಿಗಿಹಿಡಿದಿದ್ದೆವು. ದಾಟಿತು. ತೂಕ ತಳಕ್ಕೆ ಕೂತದ್ದು 26.5 ಮೀಟರಿಗೆ. ಎತ್ತಿ ಎತ್ತಿ ಮತ್ತೆ ಬಿಟ್ಟರೂ ಅಷ್ಟೇ.

ಮಣ್ಣಿನವರಿಗೆ ಹೇಳುವ ಮೊದಲು ಒಂದು ಕಳೆಯುವ ಲೆಕ್ಕ ಬಾಕಿ ಇತ್ತು. ನಾವು ಅಳೆದದ್ದು ಕಟ್ಟೆಯ ಮೇಲಿನಿಂದ. ಕಟ್ಟೆ ನೆಲದಿಂದ 0.8 ಮೀಟರ್ ಎತ್ತರ. ತುಂಬಬೇಕಾದದ್ದು 25.7 ಮೀಟರ್, ಅಂದರೆ ಸುಮಾರು 81 ಘನ ಮೀಟರ್. ಇದು ಬಾವಿ ತಳದವರೆಗೂ ಒಂದೇ ಅಗಲ ಇದೆ ಅಂತ ಹಿಡಿದ ಲೆಕ್ಕ. ತಳದಲ್ಲಿ ಬಿದ್ದು ತುಂಬಿಕೊಂಡ ಕಸ, ಮಣ್ಣಿನ ಮೇಲ್ಮೈವರೆಗಿನ ಆಳ ಮಾತ್ರ ಇದು, ತೋಡಿದಾಗಿನ ಆಳ ಇದಕ್ಕಿಂತ ಜಾಸ್ತಿ ಇರಬಹುದು. ಮಣ್ಣು ತುಂಬಲು ನನಗೆ ಬೇಕಿದ್ದದ್ದು ಹೇಗೂ ಈಗಿನ ತಳವೇ.

ನಿಮ್ಮ ಬಾವಿಯಲ್ಲಿ ಇದೆಲ್ಲ ಎಷ್ಟು ಬೇಕು ಅನ್ನುವುದು ಆಳದ ಮೇಲೆ ಹೋಗುತ್ತದೆ. ಐದಾರು ಮೀಟರಿನದಾದರೆ ಟಾರ್ಚಿಗೆ ತಳ ಕಾಣುತ್ತದೆ, ಹಗ್ಗವೇ ಸಾಕು. 10ರಿಂದ 30 ಮೀಟರಿನ ನಡುವೆ ರೆಕಾರ್ಡಿಂಗ್, ದೊಡ್ಡ ಗುಂಡು ಕಲ್ಲು, ಸದ್ದಿನ ಲೆಕ್ಕ, ಇವಿಷ್ಟರಿಂದ ಒಂದು ಮೀಟರಿನ ಒಳಗೆ ಆಳ ಸಿಗುತ್ತದೆ. 50 ಮೀಟರಿನ ಹತ್ತಿರ ಹೋದರೆ ಎರಡು ಗಾತ್ರದ ಕಲ್ಲು ಬಿಡದೇ ಬಂದ ಅಂಕಿಯನ್ನು ನಾನು ನಂಬುವುದಿಲ್ಲ. ಅಲ್ಲಿ ಪುಟ್ಟ ಕಲ್ಲು ಬೇಡವೇ ಬೇಡ, ಗಾಳಿಯ ತಡೆ ಜಾಸ್ತಿಯಾದಾಗ ಮೂರು ಪಟ್ಟಿನ ಲೆಕ್ಕ ಸರಿಯಾಗಿ ಕೂರುವುದಿಲ್ಲ. 4 ಮತ್ತು 8 ಸೆಂಟಿಮೀಟರಿನವು ಇರಲಿ. ಆಗ ಅಂತರವೇ ಒಂದು ಪಾಲು, ಅದನ್ನು ದೊಡ್ಡ ಕಲ್ಲಿನ ಆಳದಿಂದ ನೇರವಾಗಿ ಕಳೆದರಾಯಿತು.